ಮೊದಲು ಅಂಕ, ಆಮೇಲೆ ಪ್ರಶ್ನೆ: ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಘಟಕಕ್ಕೆ ನೀಲನಕ್ಷೆ

(ಪ್ರೌಢಶಾಲಾ ವಿಜ್ಞಾನ ಶಿಕ್ಷಕರಿಗೆ ಮತ್ತು ಬಿ.ಎಡ್. ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನೀಲನಕ್ಷೆ ಎಂದರೇನು ಎಂಬ ವ್ಯಾಖ್ಯಾನ ನಿಮಗೆಲ್ಲ ಬಾಯಿಪಾಠ ಇದೆ. ಅದನ್ನು ಬಿಟ್ಟು, ಒಂದೇ ಒಂದು ನೀಲನಕ್ಷೆಯನ್ನು ಇಲ್ಲಿ ಕೂತು ಪೂರ್ತಿ ಮಾಡಿ ಮುಗಿಸೋಣ. ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಘಟಕ, 25 ಅಂಕ, 45 ನಿಮಿಷ. ಮಾಡುತ್ತಾ ಹೋದಂತೆ ಎಲ್ಲಿ ಕೈ ತಪ್ಪುತ್ತದೆ ಅನ್ನುವುದು ತಾನಾಗಿಯೇ ಕಾಣುತ್ತದೆ.

ಅದಕ್ಕೂ ಮೊದಲು ಒಂದು ಮಾತು ನೇರವಾಗಿ ಹೇಳಬೇಕು. ಬಹಳ ಕಡೆ ನೀಲನಕ್ಷೆ ಹುಟ್ಟುವುದು ಪ್ರಶ್ನೆಪತ್ರಿಕೆ ಮುಗಿದ ಮೇಲೆ. ಮೊದಲು ಹದಿನಾಲ್ಕು ಪ್ರಶ್ನೆ ಬರೆದು, ಆಮೇಲೆ ಒಂದೊಂದನ್ನೂ ಯಾವುದಾದರೂ ಚೌಕಕ್ಕೆ ತುರುಕಿ, ಮೊತ್ತ 25 ಬಂದರೆ ದಾಖಲೆಗೆ ಸೇರಿಸುತ್ತೇವೆ. ಹಾಗೆ ಮಾಡಿದ್ದು ನಕ್ಷೆ ಅಲ್ಲ, ಲೆಕ್ಕದ ಚೀಟಿ. ಪ್ರಶ್ನೆ ಬರೆಯಲು ಸುಲಭವಾದ ಕಡೆಗೇ ಅಂಕಗಳು ಹರಿದುಹೋಗಿರುತ್ತವೆ. ಈ ಘಟಕದಲ್ಲಿ ಆ ಕಡೆ ಎಂದರೆ ಓಮ್‌ನ ನಿಯಮ. ವ್ಯಾಖ್ಯಾನ ಕೇಳಬಹುದು, ಸೂತ್ರ ಕೇಳಬಹುದು, ನಕ್ಷೆ ಕೇಳಬಹುದು, ಲೆಕ್ಕ ಕೊಡಬಹುದು. ನೋಡನೋಡುತ್ತ ಹತ್ತು ಅಂಕ ಅಲ್ಲಿಗೇ ಹೋಗಿರುತ್ತದೆ. ನಾಲ್ಕು ಅವಧಿ ಕಲಿಸಿದ ರೋಧಕಗಳ ಜೋಡಣೆಗೆ ಮೂರು ಅಂಕ ಉಳಿದಿರುತ್ತದೆ. ಆದ್ದರಿಂದ ಇಂದಿನ ಕ್ರಮ ಒಂದೇ: ಅಂಕ ಹಂಚಿ ಮುಗಿಯುವವರೆಗೆ ಒಂದು ಪ್ರಶ್ನೆಯನ್ನೂ ಬರೆಯುವುದಿಲ್ಲ.

ವಿಷಯಾಂಶಗಳಿಗೆ ಎಷ್ಟು?

ಘಟಕವನ್ನು ನಾಲ್ಕು ವಿಷಯಾಂಶಗಳಾಗಿ ಒಡೆಯೋಣ. ಒಂದು, ವಿದ್ಯುತ್ ಪ್ರವಾಹ, ವಿಭವಾಂತರ ಮತ್ತು ಮಂಡಲ ಚಿತ್ರ. ಎರಡು, ಓಮ್‌ನ ನಿಯಮ, ರೋಧ, ರೋಧಶೀಲತೆ. ಮೂರು, ರೋಧಕಗಳ ಸರಣಿ ಮತ್ತು ಸಮಾಂತರ ಜೋಡಣೆ. ನಾಲ್ಕು, ಉಷ್ಣೋತ್ಪನ್ನ ಪರಿಣಾಮ ಮತ್ತು ವಿದ್ಯುತ್ ಸಾಮರ್ಥ್ಯ. ಹತ್ತು ಹನ್ನೆರಡು ಚೂರುಗಳಾಗಿ ಒಡೆದರೆ 25 ಅಂಕ ಸಾಲುವುದಿಲ್ಲ. ಪ್ರತಿ ಚೂರಿಗೂ ಎರಡು ಅಂಕ ಸಿಕ್ಕಿ, ಯಾವುದರ ಬಗ್ಗೆಯೂ ಏನೂ ತಿಳಿಯದಂತೆ ಆಗುತ್ತದೆ.

ತೂಕ ಹಾಕಲು ಪುಟಗಳ ಸಂಖ್ಯೆ ನೋಡಬೇಡಿ. ಪಠ್ಯಪುಸ್ತಕದಲ್ಲಿ ಚಿತ್ರ, ಕೋಷ್ಟಕ, ಚಟುವಟಿಕೆಗಳು ಪುಟ ತಿನ್ನುತ್ತವೆ. ಘಟಕ ಯೋಜನೆಯಲ್ಲಿ ಎಷ್ಟು ಅವಧಿ ಇಟ್ಟಿದ್ದಿರಿ ಎನ್ನುವುದು ಹೆಚ್ಚು ನಂಬಿಕೆಯ ಅಳತೆ. ಯೋಜನೆಯಲ್ಲಿ ಇಟ್ಟ ಅವಧಿ ಎಂದೇ ಹೇಳುತ್ತಿದ್ದೇನೆ, ತೆಗೆದುಕೊಂಡ ಅವಧಿ ಎಂದಲ್ಲ. ಮಕ್ಕಳಿಗೆ ಅರ್ಥವಾಗದೆ ಒಂದು ಪಾಠ ಎರಡು ದಿನ ಎಳೆದುಕೊಂಡಿದ್ದರೆ ಅದರ ತೂಕ ಹೆಚ್ಚಾಗುವುದಿಲ್ಲ.

ನಮ್ಮ ಯೋಜನೆಯಲ್ಲಿ ಅವಧಿಗಳು ಕ್ರಮವಾಗಿ 3, 4, 4, 3, ಒಟ್ಟು 14 ಎಂದಿಟ್ಟುಕೊಳ್ಳಿ. 25 ಅಂಕವನ್ನು 14 ಅವಧಿಗೆ ಹಂಚಿದರೆ ಅವಧಿಗೆ ಸುಮಾರು 1.79 ಅಂಕ. ಮೂರು ಅವಧಿಯ ವಿಷಯಾಂಶಕ್ಕೆ 5.36, ನಾಲ್ಕು ಅವಧಿಯದಕ್ಕೆ 7.14. ದಶಮಾಂಶ ಬಿಟ್ಟರೆ 5, 7, 7, 5. ಮೊತ್ತ 24. ಒಂದು ಅಂಕ ಉಳಿಯಿತು.

ಈ ಉಳಿದ ಅಂಕವನ್ನು ತೋಚಿದ ಕಡೆ ಹಾಕುವ ಅಭ್ಯಾಸ ಬೇಡ. ದಶಮಾಂಶ ದೊಡ್ಡದಿರುವ ಕಡೆಗೆ ಅದು ಹೋಗಬೇಕು. ಇಲ್ಲಿ ಒಂದನೇ ಮತ್ತು ನಾಲ್ಕನೇ ವಿಷಯಾಂಶ ಎರಡರಲ್ಲೂ 0.36 ಇದೆ, ಹಾಗಾಗಿ ಈಗ ನಿಮ್ಮ ತೀರ್ಮಾನ ಬೇಕು. ಒಂದನೇ ವಿಷಯಾಂಶ ಮುಂದಿನ ಎಲ್ಲಕ್ಕೂ ಅಡಿಪಾಯ. ಓಮ್‌ನ ನಿಯಮದ ಲೆಕ್ಕ ಮಾಡುವ ಮಗು ವಿಭವಾಂತರವನ್ನು ಹೇಗೂ ಬಳಸುತ್ತದೆ. ನಾಲ್ಕನೆಯದು ಬೇರೆಲ್ಲೂ ಪರೀಕ್ಷೆಗೆ ಸಿಗುವುದಿಲ್ಲ. ಆದ್ದರಿಂದ ಆ ಒಂದು ಅಂಕ ನಾಲ್ಕನೆಯದಕ್ಕೆ. ಕೊನೆಯ ಹಂಚಿಕೆ 5, 7, 7, 6.

ಯೋಚನೆಯ ಮಟ್ಟಗಳಿಗೆ ಎಷ್ಟು?

ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕೊಟ್ಟ ವರ್ಗೀಕರಣದಲ್ಲಿ ಆರು ಮಟ್ಟಗಳಿದ್ದವು. 2001ರ ಪರಿಷ್ಕರಣೆಯಲ್ಲೂ ಆರೇ ಇವೆ. ಆರು ಮಟ್ಟ, ನಾಲ್ಕು ವಿಷಯಾಂಶ ಎಂದರೆ 24 ಚೌಕ. 25 ಅಂಕದ ಪತ್ರಿಕೆಗೆ 24 ಚೌಕದ ನಕ್ಷೆ ಹಾಕುವುದು ಚಿಕ್ಕ ಸೈಟಿನಲ್ಲಿ ಹತ್ತು ಕೋಣೆ ಕಟ್ಟಿದಂತೆ. ಘಟಕ ಪರೀಕ್ಷೆಗೆ ನಾಲ್ಕು ಉದ್ದಿಷ್ಟ ಸಾಕು: ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ. ಇಲ್ಲಿ ಕೌಶಲ ಎಂದರೆ ಮಂಡಲ ಚಿತ್ರ ಬರೆಯುವುದು.

ಈ ಘಟಕಕ್ಕೆ ಜ್ಞಾನಕ್ಕೆ 6, ತಿಳುವಳಿಕೆಗೆ 9, ಅನ್ವಯಕ್ಕೆ 7, ಕೌಶಲಕ್ಕೆ 3 ಅಂಕ ಇಡುತ್ತೇನೆ. ಇದು ಎಲ್ಲ ಘಟಕಕ್ಕೂ ನಡೆಯುವ ಸೂತ್ರವಲ್ಲ. ವಿದ್ಯುಚ್ಛಕ್ತಿಯಲ್ಲಿ ಲೆಕ್ಕಗಳಿವೆ, ಆದ್ದರಿಂದ ಅನ್ವಯಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಕೊಟ್ಟಿದ್ದೇನೆ. ‘ಜೀವಕ್ರಿಯೆಗಳು’ ಘಟಕಕ್ಕೆ ಹೋದರೆ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದಕ್ಕೆ ಜಾಗ ಹೆಚ್ಚು ಬೇಕು, ಅನ್ವಯ ಕಡಿಮೆಯಾಗುತ್ತದೆ.

ನೀಲನಕ್ಷೆಯಲ್ಲಿ ಅತಿ ಹೆಚ್ಚು ಸುಳ್ಳು ಸೇರಿಕೊಳ್ಳುವುದು ಈ ಮಟ್ಟಗಳ ಸಾಲಿನಲ್ಲೇ. ಪ್ರಶ್ನೆಯ ಕ್ರಿಯಾಪದ ನೋಡಿ ಮಟ್ಟ ಹಚ್ಚುತ್ತೇವೆ. ‘ತಿಳಿಸಿ’ ಎಂದಿದ್ದರೆ ಜ್ಞಾನ, ‘ವಿವರಿಸಿ’ ಅಥವಾ ‘ಕಾರಣ ಕೊಡಿ’ ಎಂದಿದ್ದರೆ ತಿಳುವಳಿಕೆ, ಲೆಕ್ಕ ಇದ್ದರೆ ಅನ್ವಯ. ಆದರೆ ಮಟ್ಟ ಇರುವುದು ಕ್ರಿಯಾಪದದಲ್ಲಿ ಅಲ್ಲ. ಆ ಉತ್ತರವನ್ನು ಮಗು ತರಗತಿಯಲ್ಲಿ ಮೊದಲೇ ಕಂಡಿದೆಯೇ ಎನ್ನುವುದರಲ್ಲಿ ಇದೆ.

ಎರಡು ಉದಾಹರಣೆ ನೋಡಿ. ‘ಮನೆಯ ವಿದ್ಯುತ್ ಉಪಕರಣಗಳನ್ನು ಸಮಾಂತರವಾಗಿ ಜೋಡಿಸುತ್ತಾರೆ, ಏಕೆ? ಮೂರು ಕಾರಣ ಕೊಡಿ.’ ಕೇಳಲು ತಿಳುವಳಿಕೆಯ ಪ್ರಶ್ನೆಯಂತೆ ಇದೆ. ಆದರೆ ಪ್ರತಿ ನೋಟ್ಸಿನಲ್ಲೂ ಈ ಉತ್ತರ ಒಂದು, ಎರಡು, ಮೂರು ಎಂದು ಬರೆಸಿರುತ್ತದೆ. ಮಗು ಬರೆಯುವುದು ನೆನಪಿನಿಂದ, ಆದ್ದರಿಂದ ಇದು ಜ್ಞಾನದ ಪ್ರಶ್ನೆ. ಇದೇ ವಿಚಾರವನ್ನು ಹೀಗೆ ಕೇಳಿ: ‘ಮೂರು ಒಂದೇ ಬಗೆಯ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದೆ. ನಡುವಿನದು ಸುಟ್ಟುಹೋದರೆ ಉಳಿದ ಎರಡು ಏನಾಗುತ್ತವೆ? ಸಮಾಂತರವಾಗಿ ಜೋಡಿಸಿದ್ದರೆ ಏನಾಗುತ್ತಿತ್ತು? ಕಾರಣ ಬರೆಯಿರಿ.’ ಈಗ ಮಗು ಮಂಡಲವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಲೇಬೇಕು.

ಎರಡನೆಯದು ಲೆಕ್ಕದ್ದು. ತಲಾ 6 ಓಮ್‌ನ ಮೂರು ರೋಧಕಗಳಿಂದ 9 ಓಮ್ ಮತ್ತು 4 ಓಮ್ ಪಡೆಯುವುದು ಹೇಗೆ ಎಂಬುದು ಪಠ್ಯಪುಸ್ತಕದ ಅಭ್ಯಾಸದಲ್ಲೇ ಇದೆ. ಕರಿಹಲಗೆಯ ಮೇಲೆ ಅದನ್ನು ಬಿಡಿಸಿ, ಅದನ್ನೇ ಪರೀಕ್ಷೆಯಲ್ಲಿ ಕೊಟ್ಟು ‘ಅನ್ವಯ, 3 ಅಂಕ’ ಎಂದು ಬರೆದರೆ, ಆ ಮೂರು ಅಂಕ ನಿಜವಾಗಿ ಹೋಗಿರುವುದು ಜ್ಞಾನಕ್ಕೆ. ಕಾಗದದ ಮೇಲೆ ಅನ್ವಯಕ್ಕೆ 7 ಇದೆ, ಮಗುವಿನ ಮುಂದೆ ಇರುವುದು 4. ಇದನ್ನು ಪತ್ತೆಹಚ್ಚುವುದು ಸುಲಭ. ಪತ್ರಿಕೆ ಸಿದ್ಧವಾದ ಮೇಲೆ ಒಬ್ಬ ವಿದ್ಯಾರ್ಥಿಯ ನೋಟ್ಸನ್ನು ಪಕ್ಕದಲ್ಲಿಟ್ಟುಕೊಂಡು ತಿಳುವಳಿಕೆ ಮತ್ತು ಅನ್ವಯದ ಪ್ರತಿ ಪ್ರಶ್ನೆಯ ಉತ್ತರವನ್ನು ಅದರಲ್ಲಿ ಹುಡುಕಿ. ಸಿಕ್ಕಿದ್ದೆಲ್ಲ ಜ್ಞಾನ. ಅದೇ ಪ್ರಶ್ನೆ ನಿಮ್ಮ ಶಾಲೆಯಲ್ಲಿ ಜ್ಞಾನವೂ ಪಕ್ಕದ ಶಾಲೆಯಲ್ಲಿ ಅನ್ವಯವೂ ಆಗಬಹುದು. ಬೇರೆಯವರ ನೀಲನಕ್ಷೆಯನ್ನು ಹಾಗೆಯೇ ಎತ್ತಿಕೊಂಡು ಬಳಸಬೇಡಿ ಎನ್ನುವುದಕ್ಕೆ ಇದೇ ಕಾರಣ.

ಪ್ರಶ್ನೆಗಳ ಸ್ವರೂಪ ಮತ್ತು ಸಮಯ

1 ಅಂಕದ 6 ಪ್ರಶ್ನೆ, 2 ಅಂಕದ 5, 3 ಅಂಕದ 3. ಮೊತ್ತ 6, 10, 9, ಒಟ್ಟು 25 ಅಂಕ, 14 ಪ್ರಶ್ನೆ. ಒಂದಂಕಕ್ಕೆ ಒಂದು ನಿಮಿಷ, ಎರಡಂಕಕ್ಕೆ ಮೂರು, ಮೂರಂಕಕ್ಕೆ ಐದು ಎಂದು ಹಿಡಿದರೆ 6, 15, 15, ಒಟ್ಟು 36 ನಿಮಿಷ. ಓದಿಕೊಳ್ಳಲು 4, ಕೊನೆಗೆ ತಿರುಗಿ ನೋಡಲು 5. ಸರಿಯಾಗಿ 45 ಆಯಿತು. ನೀವೇ ಒಮ್ಮೆ ಉತ್ತರ ಬರೆದು ನೋಡಿ. ನಿಮಗೆ 15–18 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಮಕ್ಕಳಿಗೆ ಸಮಯ ಸಾಲುವುದಿಲ್ಲ ಎಂದೇ ನನ್ನ ಎಣಿಕೆ.

ಚೌಕಗಳನ್ನು ತುಂಬುವುದು

ಈಗ ಅಡ್ಡಸಾಲಿನ ಮೊತ್ತ ಗೊತ್ತು, ಕಂಬಸಾಲಿನ ಮೊತ್ತ ಗೊತ್ತು, ಪ್ರಶ್ನೆಗಳ ಗಾತ್ರ ಗೊತ್ತು. ಮೂರೂ ಒಟ್ಟಿಗೆ ಹೊಂದಬೇಕು. ಸುಲಭದ ದಾರಿ ಎಂದರೆ ಅತಿ ಬಿಗಿಯಾದ ಚೌಕದಿಂದ ಶುರು ಮಾಡುವುದು. ಇಲ್ಲಿ ಕೌಶಲದ 3 ಅಂಕ ಬಿಗಿ, ಏಕೆಂದರೆ ಮಂಡಲ ಚಿತ್ರ ಒಂದನೇ ವಿಷಯಾಂಶದಲ್ಲಿದೆ, ಅದಕ್ಕೆ 3 ಅಂಕದ ಒಂದೇ ಪ್ರಶ್ನೆ ಸರಿಹೊಂದುತ್ತದೆ. ಅದನ್ನು ಇಟ್ಟ ಕೂಡಲೇ ಒಂದನೇ ಸಾಲಿನಲ್ಲಿ ಉಳಿಯುವುದು 2 ಅಂಕ. ಒಂದಂಕದ ಎರಡು ಪ್ರಶ್ನೆ ಹಾಕಿದರೆ ಸಾಲು ಮುಗಿಯಿತು. ಆಮೇಲೆ ಉಳಿದ ಎರಡು ಮೂರಂಕದ ಪ್ರಶ್ನೆಗಳು. ಜೋಡಣೆಯ ಲೆಕ್ಕಕ್ಕೆ ಹಲವು ಹಂತ ಇರುವುದರಿಂದ ಎರಡೂ ಅಲ್ಲಿಗೆ. ಹೀಗೆ ದೊಡ್ಡವನ್ನು ಮೊದಲು ಕೂರಿಸಿ, ಒಂದಂಕದವನ್ನು ಕೊನೆಗೆ ಸಂದಿಗಳಿಗೆ ಹಾಕಿ. ತಿರುವುಮುರುವು ಮಾಡಿದರೆ ಕೊನೆಗೆ ಮೂರಂಕದ ಪ್ರಶ್ನೆಗೆ ಜಾಗವೇ ಸಿಗದೆ ಎಲ್ಲ ಅಳಿಸಬೇಕಾಗುತ್ತದೆ.

| ವಿಷಯಾಂಶ | ಜ್ಞಾನ | ತಿಳುವಳಿಕೆ | ಅನ್ವಯ | ಕೌಶಲ | ಒಟ್ಟು ಅಂಕ |
|---|---|---|---|---|---|
| ಪ್ರವಾಹ, ವಿಭವಾಂತರ, ಮಂಡಲ ಚಿತ್ರ | 1 | 1 | – | 3 | 5 |
| ಓಮ್‌ನ ನಿಯಮ, ರೋಧ, ರೋಧಶೀಲತೆ | 1 + 2 | 2 | 2 | – | 7 |
| ಸರಣಿ ಮತ್ತು ಸಮಾಂತರ ಜೋಡಣೆ | 1 | 3 | 3 | – | 7 |
| ಉಷ್ಣೋತ್ಪನ್ನ ಪರಿಣಾಮ, ಸಾಮರ್ಥ್ಯ | 1 | 1 + 2 | 2 | – | 6 |
| ಒಟ್ಟು ಅಂಕ | 6 | 9 | 7 | 3 | 25 |

ಪ್ರತಿ ಅಂಕಿ ಒಂದು ಪ್ರಶ್ನೆ, ಅಂಕಿಯ ಬೆಲೆಯೇ ಅದರ ಅಂಕ. ನೀವು ರೂಢಿಯಲ್ಲಿ 2(1) ಎಂದು ಆವರಣ ಹಾಕಿ ಬರೆಯುತ್ತೀರಿ. ಅದೇ ಬೇಕಾದರೆ ಬರೆಯಿರಿ, ಆದರೆ ಆವರಣದೊಳಗಿರುವುದು ಅಂಕವೋ ಪ್ರಶ್ನೆಗಳ ಸಂಖ್ಯೆಯೋ ಎಂದು ಕೆಳಗೆ ಸೂಚನೆ ಹಾಕಿ. ಒಬ್ಬರು ಅದನ್ನು ಒಂದಂಕದ ಎರಡು ಪ್ರಶ್ನೆ ಎಂದು ಓದುತ್ತಾರೆ, ಇನ್ನೊಬ್ಬರು ಎರಡಂಕದ ಒಂದು ಪ್ರಶ್ನೆ ಎಂದು.

ಖಾಲಿ ಚೌಕಗಳನ್ನು ನೋಡಿ ಕಳವಳಪಡಬೇಡಿ. 16ರಲ್ಲಿ 4 ಖಾಲಿ ಇವೆ. ಎಲ್ಲ ಚೌಕವನ್ನೂ ತುಂಬಲೇಬೇಕೆಂಬ ಹಟದಿಂದ ರೋಧಶೀಲತೆಗೂ ಒಂದು ‘ಕೌಶಲ’ ಪ್ರಶ್ನೆ ಹುಟ್ಟಿಸಿದರೆ ಅದು ಹೆಸರಿಗೆ ಮಾತ್ರ ಕೌಶಲವಾಗಿರುತ್ತದೆ.

ಆದರೆ ಚೌಕದೊಳಗೂ ಒಂದು ಅಸಮತೋಲನ ಅಡಗಿರಬಹುದು. ಎರಡನೇ ಸಾಲಿನಲ್ಲಿ ನಾಲ್ಕು ಪ್ರಶ್ನೆಗಳಿವೆ. ನಾಲ್ಕೂ ಓಮ್‌ನ ನಿಯಮದ ಮೇಲೆಯೇ ಬಂದರೂ ನಕ್ಷೆಯ ಮೊತ್ತಗಳು ಚೊಕ್ಕವಾಗಿಯೇ ಕಾಣುತ್ತವೆ. ಆದ್ದರಿಂದ ಪ್ರತಿ ಅಂಕಿಯ ಪಕ್ಕ ಕಲಿಕಾಂಶವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ: ಒಂದಂಕ ರೋಧಶೀಲತೆಯ ಏಕಮಾನ, ಎರಡಂಕ ಓಮ್‌ನ ನಿಯಮದ ನಿರೂಪಣೆ, ತಿಳುವಳಿಕೆಯದು ತಂತಿಯ ದಪ್ಪ ಮತ್ತು ರೋಧ, ಅನ್ವಯದ್ದು ಉದ್ದ ಬದಲಾದಾಗ ರೋಧ.

ಈಗ ಪ್ರಶ್ನೆ

ಎಲ್ಲ ಹದಿನಾಲ್ಕನ್ನೂ ಓದುವುದಿಲ್ಲ, ಅಂಕ ಕೊಡುವಾಗ ತೊಡಕಾಗುವ ಮೂರನ್ನು ತೆಗೆದುಕೊಳ್ಳೋಣ.

ಓಮ್‌ನ ನಿಯಮದ ನಿರೂಪಣೆಗೆ 2 ಅಂಕ. ವಿಭವಾಂತರಕ್ಕೂ ಪ್ರವಾಹಕ್ಕೂ ನೇರ ಅನುಪಾತ ಎಂದರೆ 1, ತಾಪ ಸ್ಥಿರವಾಗಿರಬೇಕು ಎಂಬ ನಿಬಂಧನೆಗೆ 1. ಇದನ್ನು ಪ್ರಶ್ನೆ ಬರೆಯುವಾಗಲೇ ನಿಗದಿ ಮಾಡದಿದ್ದರೆ, ತಿದ್ದುವಾಗ ನಿಬಂಧನೆ ಬಿಟ್ಟ ಮಗುವಿಗೆ ಒಮ್ಮೆ ಒಂದೂವರೆ, ಒಮ್ಮೆ ಪೂರ್ತಿ ಬೀಳುತ್ತದೆ.

‘20 ಓಮ್ ರೋಧವಿರುವ ತಂತಿಯನ್ನು ಅದರ ಉದ್ದ ಎರಡರಷ್ಟಾಗುವಂತೆ ಎಳೆದು ಹಿಗ್ಗಿಸಿದೆ. ಈಗ ರೋಧವೆಷ್ಟು?’ ಉದ್ದ ಹೆಚ್ಚಾದಾಗ ರೋಧ ಹೆಚ್ಚುತ್ತದೆ ಎಂದಷ್ಟೇ ನೆನಪಿಟ್ಟ ಮಗು 40 ಓಮ್ ಎನ್ನುತ್ತದೆ. ಎಳೆದಾಗ ತಂತಿ ತೆಳುವಾಗಿ ಅಡ್ಡಕೊಯ್ತದ ವಿಸ್ತೀರ್ಣ ಅರ್ಧವಾಯಿತು ಎಂದು ಯೋಚಿಸಿದ ಮಗು 80 ಓಮ್ ಬರೆಯುತ್ತದೆ. ವಿಸ್ತೀರ್ಣ ಅರ್ಧವಾಗುವುದನ್ನು ಗುರುತಿಸಿದ್ದಕ್ಕೆ 1, ಉತ್ತರಕ್ಕೆ 1.

ಮೂರನೆಯದು ಜೋಡಣೆಯ ಲೆಕ್ಕ. ‘4 ಓಮ್ ಮತ್ತು 12 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿ, ಅವುಗಳೊಂದಿಗೆ 5 ಓಮ್ ರೋಧಕವನ್ನು ಸರಣಿಯಲ್ಲಿ ಸೇರಿಸಿ, 16 ವೋಲ್ಟ್ ಬ್ಯಾಟರಿಗೆ ಸಂಪರ್ಕಿಸಿದೆ. 4 ಓಮ್ ರೋಧಕದಲ್ಲಿ ಹರಿಯುವ ಪ್ರವಾಹವೆಷ್ಟು?’ ಸಮಾಂತರ ಭಾಗ 3 ಓಮ್, ಒಟ್ಟು 8 ಓಮ್, ಇದಕ್ಕೆ 1 ಅಂಕ. ಒಟ್ಟು ಪ್ರವಾಹ 2 ಆಂಪಿಯರ್, 1 ಅಂಕ. ಸಮಾಂತರ ಭಾಗದ ವಿಭವಾಂತರ 6 ವೋಲ್ಟ್, ಆದ್ದರಿಂದ 4 ಓಮ್‌ನಲ್ಲಿ 1.5 ಆಂಪಿಯರ್, 1 ಅಂಕ. ಮೊದಲ ಹೆಜ್ಜೆಯಲ್ಲಿ ತಪ್ಪಿ 8ರ ಬದಲು 21 ಓಮ್ ಎಂದು ಕೂಡಿಸಿದ ಮಗು, ಆ ತಪ್ಪು ಬೆಲೆಯಿಂದಲೇ ಒಟ್ಟು ಪ್ರವಾಹವನ್ನು ಸರಿಯಾಗಿ ಕಂಡುಹಿಡಿದಿದ್ದರೆ ಎರಡನೇ ಹೆಜ್ಜೆಯ ಅಂಕ ಕೊಡಬೇಕು. ಇಲ್ಲದಿದ್ದರೆ ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ. ‘ಮೇಲಿನ ಪ್ರಶ್ನೆಯ ಉತ್ತರ ಬಳಸಿ’ ಎಂದು ಎರಡು ಬೇರೆ ಪ್ರಶ್ನೆಗಳನ್ನು ಪೋಣಿಸುವುದನ್ನು ಕೈಬಿಡಬೇಕಾದದ್ದೂ ಇದೇ ಕಾರಣಕ್ಕೆ.

ಎಲ್ಲ ಬರೆದ ಮೇಲೆ ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದಿ. ಒಂದಂಕಕ್ಕೆ ರೋಧಶೀಲತೆಯ ಏಕಮಾನ ಕೇಳಿ, ಇನ್ನೊಂದು ಪ್ರಶ್ನೆಯಲ್ಲಿ ‘ತಾಮ್ರದ ರೋಧಶೀಲತೆ 1.62 × 10⁻⁸ ಓಮ್ ಮೀಟರ್’ ಎಂದು ಅಚ್ಚು ಹಾಕಿದ್ದರೆ ಉತ್ತರ ಪತ್ರಿಕೆಯಲ್ಲೇ ಸಿಕ್ಕಿತು.

ಕಠಿಣತೆ ಬೇರೆ, ಮಟ್ಟ ಬೇರೆ

ಜ್ಞಾನ ಎಂದರೆ ಸುಲಭ, ಅನ್ವಯ ಎಂದರೆ ಕಠಿಣ ಎಂದು ತಿಳಿದು ಕಠಿಣತೆಯ ಕೋಷ್ಟಕವನ್ನು ಉದ್ದಿಷ್ಟಗಳ ಕೋಷ್ಟಕದಿಂದ ನಕಲು ಮಾಡುವವರಿದ್ದಾರೆ. ರೋಧಶೀಲತೆಯ ಏಕಮಾನ ಬರೀ ನೆನಪಿನದು, ಆದರೂ ‘ಓಮ್’ ಎಂದಷ್ಟೇ ಬರೆಯುವ ಮಕ್ಕಳು ಬಹಳ. ಮನೆಯ 750 ವ್ಯಾಟ್ ಮೋಟರ್ ದಿನಕ್ಕೆ 2 ಗಂಟೆಯಂತೆ 30 ದಿನ ಓಡಿದರೆ ಎಷ್ಟು ಯೂನಿಟ್ ಎಂಬುದು ಅನ್ವಯ, ಆದರೆ 45 ಯೂನಿಟ್ ಎಂಬ ಉತ್ತರ ಬಹುಪಾಲು ಮಕ್ಕಳಿಗೆ ಎಟುಕುತ್ತದೆ. ನಮ್ಮ ಪತ್ರಿಕೆಯಲ್ಲಿ ಕಠಿಣ ಎಂದು ನಾನು ಗುರುತಿಸುವುದು ಎಳೆದ ತಂತಿ ಮತ್ತು ಜೋಡಣೆಯ ಲೆಕ್ಕ, ಒಟ್ಟು 5 ಅಂಕ. ಸುಲಭ 7, ಉಳಿದ 13 ಸಾಧಾರಣ. ಸುಲಭದವನ್ನು ಮೊದಲಿಗೆ ಜೋಡಿಸಿ.

ಆಯ್ಕೆ ಕೊಡುವುದಾದರೆ

‘ಯಾವುದಾದರೂ ಐದಕ್ಕೆ ಉತ್ತರಿಸಿ’ ಎಂದ ಕ್ಷಣ ನೀಲನಕ್ಷೆ ಒಡೆಯಿತು. ಪ್ರತಿ ಮಗುವೂ ತನಗೆ ಬೇಕಾದ ವಿಷಯಾಂಶವನ್ನೇ ಆರಿಸಿಕೊಂಡು ಬೇರೆ ಬೇರೆ ಪರೀಕ್ಷೆ ಬರೆದಂತೆ ಆಗುತ್ತದೆ. ಆಂತರಿಕ ಆಯ್ಕೆ ಬೇಕೇ ಬೇಕು ಎಂದರೆ ‘ಅಥವಾ’ದ ಎರಡೂ ಬದಿ ಒಂದೇ ಚೌಕದಿಂದ ಬರಬೇಕು: ಅದೇ ವಿಷಯಾಂಶ, ಅದೇ ಉದ್ದಿಷ್ಟ, ಅಷ್ಟೇ ಹೆಜ್ಜೆ. ಜೋಡಣೆಯ ಲೆಕ್ಕಕ್ಕೆ ‘ಅಥವಾ’ ಎಂದು ಫ್ಯೂಸ್ ಬಗ್ಗೆ ಟಿಪ್ಪಣಿ ಕೊಟ್ಟರೆ ತರಗತಿಯ ಮುಕ್ಕಾಲು ಪಾಲು ಫ್ಯೂಸಿನ ಕಡೆಗೆ ಹೋಗುತ್ತದೆ. 25 ಅಂಕದ ಘಟಕ ಪರೀಕ್ಷೆಗೆ ಆಯ್ಕೆಯೇ ಬೇಡ ಎಂಬುದು ನನ್ನ ಅಭಿಪ್ರಾಯ.

ತಿದ್ದಿದ ಮೇಲೆ

ನೀಲನಕ್ಷೆಯ ನಿಜವಾದ ಬೆಳೆ ಸಿಗುವುದು ಇಲ್ಲಿ. 40 ಮಕ್ಕಳ ತರಗತಿ ಎಂದುಕೊಳ್ಳಿ. ಅನ್ವಯಕ್ಕೆ ತಲಾ 7ರಂತೆ 280 ಅಂಕ ಸಿಗಬಹುದಿತ್ತು, ಸಿಕ್ಕಿದ್ದು 98, ಅಂದರೆ ಶೇ 35. ‘ಮಕ್ಕಳು ಅನ್ವಯದಲ್ಲಿ ಹಿಂದೆ’ ಎಂದು ಷರಾ ಬರೆದು ಮುಗಿಸಬೇಡಿ, ಚೌಕಗಳಿಗೆ ಇಳಿಯಿರಿ. ಮೋಟರಿನ ಲೆಕ್ಕದಲ್ಲಿ 80ಕ್ಕೆ 48 ಬಂದಿದೆ. ಎಳೆದ ತಂತಿಯಲ್ಲಿ 80ಕ್ಕೆ 20. ಜೋಡಣೆಯಲ್ಲಿ 120ಕ್ಕೆ 30. ಜೋಡಣೆಯ ಉತ್ತರಗಳನ್ನು ಮತ್ತೆ ತೆರೆದರೆ, 30 ಮಕ್ಕಳು ಒಟ್ಟು ರೋಧ 8 ಓಮ್ ಎಂದು ಸರಿಯಾಗಿ ಕಂಡುಹಿಡಿದು ಅಲ್ಲಿಗೇ ನಿಂತಿದ್ದಾರೆ. ಸಮಾನ ರೋಧದ ಸೂತ್ರ ಬಂದಿದೆ, ಅದನ್ನು ಓಮ್‌ನ ನಿಯಮಕ್ಕೆ ಕೊಂಡುಹೋಗುವುದು ಬಂದಿಲ್ಲ. ಮರುಬೋಧನೆಗೆ ಬೇಕಾದದ್ದು ಇಡೀ ಪಾಠವಲ್ಲ, ಈ ಒಂದು ಹೆಜ್ಜೆ. ಹಂತವಾರು ಅಂಕ ಬರೆದಿಟ್ಟಿದ್ದರೆ ಮಾತ್ರ ಇದು ಕಾಣುತ್ತದೆ. ಉತ್ತರದ ಕೊನೆಗೆ ಬರೀ ‘1’ ಎಂದು ಹಾಕಿದ್ದರೆ ಆ ಒಂದು ಎಲ್ಲಿಂದ ಬಂತೆಂದು ನಿಮಗೇ ತಿಳಿಯುವುದಿಲ್ಲ.

ಇದಕ್ಕೊಂದು ಮಿತಿ ಇದೆ. ಒಂದೊಂದು ಚೌಕದಲ್ಲಿ ಒಂದೊಂದೇ ಪ್ರಶ್ನೆ ಇರುವಾಗ, ಒಂದು ಮಗುವಿನ ಬಗ್ಗೆ ಆ ಚೌಕದಿಂದ ತೀರ್ಪು ಕೊಡಲಾಗದು. ಎಳೆದ ತಂತಿಯ ಪ್ರಶ್ನೆ ತಪ್ಪಿದ ಮಗುವಿಗೆ ರೋಧ ಗೊತ್ತಿಲ್ಲ ಎಂದಲ್ಲ, ‘ಹಿಗ್ಗಿಸಿದೆ’ ಎಂಬ ಪದವೇ ತಡೆದಿರಬಹುದು. ತರಗತಿಯ 40 ಉತ್ತರಗಳನ್ನು ಒಟ್ಟಿಗೆ ನೋಡಿದಾಗ ಮಾತ್ರ ಚೌಕ ಮಾತಾಡುತ್ತದೆ. ಮಗುವಿನ ಮಟ್ಟಕ್ಕೆ ಇಳಿಯಬೇಕಾದರೆ ಅಡ್ಡಸಾಲು, ಕಂಬಸಾಲುಗಳ ಮೊತ್ತ ನೋಡಿ, ಅದೂ ಎರಡು ಮೂರು ಪರೀಕ್ಷೆಗಳದನ್ನು ಸೇರಿಸಿ.

ಅದಕ್ಕಾಗಿ ಈ ನಕ್ಷೆಯನ್ನು ದಾಖಲೆಯ ಕಡತಕ್ಕೆ ಸೇರಿಸುವ ಮೊದಲು ಒಂದು ಪ್ರತಿಯನ್ನು ಪಾಠ ಯೋಜನೆಯ ಪುಸ್ತಕದಲ್ಲಿ ಇಟ್ಟುಕೊಳ್ಳಿ. ಖಾಲಿ ಬಿಟ್ಟ ನಾಲ್ಕು ಚೌಕಗಳಿಗೆ ಸುತ್ತು ಹಾಕಿ. ಮಿಶ್ರ ಜೋಡಣೆಯ ಮಂಡಲ ಚಿತ್ರ ಬರೆಯುವುದು ಈ ಸಲ ಪರೀಕ್ಷೆಗೆ ಬಂದಿಲ್ಲ. ಅರ್ಧವಾರ್ಷಿಕ ಪತ್ರಿಕೆಯ ನೀಲನಕ್ಷೆ ಹಾಕುವಾಗ ವಿದ್ಯುಚ್ಛಕ್ತಿಯ ಪಾಲಿನ ಮೊದಲ ಮೂರು ಅಂಕ ಅಲ್ಲಿಗೆ ಹೋಗಲಿ.